6 ಲಕ್ಷದ ವ್ಯಾಪಾರ, ಉಳಿದದ್ದೆಷ್ಟು?

"ವ್ಯಾಪಾರ ಉಂಟು, ದುಡ್ಡು ಮಾತ್ರ ಕಾಣುದಿಲ್ಲ ಮಾರಾಯ." ಉದ್ಯಾವರದಲ್ಲಿ ಹೊಸದಾಗಿ ಹೋಟೆಲ್ ತೆರೆದ ಅಣ್ಣ ಮೇ ತಿಂಗಳ ಲಾಭ-ನಷ್ಟದ ಪಟ್ಟಿ ವಾಟ್ಸಾಪ್‌ ಮಾಡಿದ್ದ. ಮಾರಾಟ 6 ಲಕ್ಷ, ಲಾಭ ಬರೀ 30 ಸಾವಿರ. ನಾನು ಖರ್ಚನ್ನು ಬೇರೆ ಬೇರೆ ಮಾಡಿ ನೋಡಿದೆ.

ಮೊದಲು ಅಡುಗೆ ಸಾಮಾನು. ಖರೀದಿ 2.5 ಲಕ್ಷ. ಆದರೆ ಕೊಂಡದ್ದೆಲ್ಲ ಆ ತಿಂಗಳೇ ಖರ್ಚಾಗುವುದಿಲ್ಲ. ಮೊದಲ ದಿನದ ದಾಸ್ತಾನು 40 ಸಾವಿರ ಕೂಡಿಸಿ, ಕೊನೆಗೆ ಉಳಿದ 50 ಸಾವಿರ ಕಳೆದರೆ ನಿಜವಾದ ಖರ್ಚು 2.4 ಲಕ್ಷ. ಗ್ಯಾಸ್, ಕರೆಂಟಿಗೆ 60 ಸಾವಿರ. ಇವೆರಡೂ ಹೆಚ್ಚುಕಡಿಮೆ ವ್ಯಾಪಾರದ ಜೊತೆ ಏರಿಳಿಯುತ್ತವೆ.

ಕೆಲಸದವರ ಸಂಬಳ 1.5 ಲಕ್ಷ, ಬಾಡಿಗೆ, ಬಡ್ಡಿ ಇತ್ಯಾದಿ 1.2 ಲಕ್ಷ. ಗಿರಾಕಿ ಬರಲಿ ಬಿಡಲಿ, ಈ 2.7 ಲಕ್ಷ ಕೊಡಲೇಬೇಕು.

100 ರೂಪಾಯಿ ಮಾರಿದರೆ ಸಾಮಾನಿಗೆ 40, ಗ್ಯಾಸ್-ಕರೆಂಟಿಗೆ 10 ಹೋಗಿ 50 ಉಳಿಯುತ್ತದೆ. ಅದರಿಂದಲೇ 2.7 ಲಕ್ಷ ಹುಟ್ಟಬೇಕಾದರೆ 5.4 ಲಕ್ಷದ ಮಾರಾಟ, ಅಂದರೆ ದಿನಕ್ಕೆ 18 ಸಾವಿರ ಬೇಕು. ಮಳೆಗಾಲದಲ್ಲಿ ಮಾರಾಟ 4.5 ಲಕ್ಷಕ್ಕೆ ಇಳಿದರೆ 45 ಸಾವಿರ ನಷ್ಟ.

"ನಿನ್ನ ಸಂಬಳ ಎಲ್ಲಿ ಬರೆದಿದ್ದಿ ಅಣ್ಣಾ?" ಅಂತ ಕೇಳಿದೆ. ಬರೆದೇ ಇರಲಿಲ್ಲ. ಬೆಳಿಗ್ಗೆ 5ಕ್ಕೇ ಏಳುವ ಅವನ ದುಡಿಮೆಯ ಬೆಲೆಯೇ ಆ 30 ಸಾವಿರ.