ಏರುವ ದಿಕ್ಕಿನಲ್ಲಿ ಶಿಖರ ಇದ್ದೇ ಇರುತ್ತದೆ

ಬೈನರಿ ಸರ್ಚ್ ಕಲಿಸುವಾಗ ಎಲ್ಲ ಮೇಷ್ಟ್ರುಗಳೂ ಒಂದು ಷರತ್ತನ್ನು ಮೊದಲೇ ಹೇಳಿಬಿಡುತ್ತಾರೆ: ಸಂಖ್ಯೆಗಳು ಏರಿಕೆ ಅಥವಾ ಇಳಿಕೆಯ ಕ್ರಮದಲ್ಲಿರಬೇಕು. ಈ ಮಾತನ್ನು ಗಟ್ಟಿಮಾಡಿಕೊಂಡ ವಿದ್ಯಾರ್ಥಿಗೆ ಶಿಖರ ಹುಡುಕುವ ಲೆಕ್ಕ ಎದುರಾದಾಗ ಗೊಂದಲವಾಗುತ್ತದೆ. ಅಲ್ಲಿ ಸಂಖ್ಯೆಗಳಿಗೆ ಯಾವ ಕ್ರಮವೂ ಇಲ್ಲ, ಆದರೂ ಬೈನರಿ ಸರ್ಚ್ ನಡೆಯುತ್ತದೆ. ಅಮೆರಿಕದ ಎಂಐಟಿಯಲ್ಲಿ 2011ರ ಅಲ್ಗಾರಿದಮ್ ಕೋರ್ಸಿನ ಮೊದಲ ತರಗತಿಯಲ್ಲೇ ಪ್ರೊಫೆಸರ್ ಶ್ರೀನಿ ದೇವದಾಸ್ ಈ ಲೆಕ್ಕವನ್ನು ಎತ್ತಿಕೊಂಡಿದ್ದರು.

ಶಿಖರ ಎಂದರೆ ಇಲ್ಲಿ ಇಡೀ ಪಟ್ಟಿಯ ಅತಿ ದೊಡ್ಡ ಸಂಖ್ಯೆಯಲ್ಲ. ತನ್ನ ಎಡಬಲದ ನೆರೆಯವರಿಗಿಂತ ದೊಡ್ಡದಾದ ಸಂಖ್ಯೆ. ತುದಿಯಲ್ಲಿರುವ ಸಂಖ್ಯೆಗೆ ಇರುವುದು ಒಬ್ಬನೇ ನೆರೆಯವನು, ಅವನನ್ನು ಮೀರಿದರೆ ಸಾಕು. ಅಂಥ ಶಿಖರಗಳು ಎಷ್ಟಾದರೂ ಇರಬಹುದು, ಯಾವುದಾದರೂ ಒಂದನ್ನು ತೋರಿಸಿದರೆ ಕೆಲಸ ಮುಗಿಯಿತು.

ಹನ್ನೊಂದು ಸಂಖ್ಯೆಗಳ ಈ ಅರೇ ನೋಡಿ. ಸ್ಥಾನಗಳನ್ನು 0ಯಿಂದ 10ರವರೆಗೆ ಎಣಿಸೋಣ.

```
14  9  12  17  11  6  8  21  25  19  30
```

ನಡುವಿನ ಸ್ಥಾನ 5, ಅಲ್ಲಿರುವುದು 6. ಅದರ ಬಲಕ್ಕೆ 8. ಅಂದರೆ ಬಲಕ್ಕೆ ಏರು ಇದೆ. ಇಷ್ಟು ತಿಳಿದರೆ ಎಡಭಾಗವನ್ನು ಪೂರ್ತಿ ಕೈಬಿಡಬಹುದು. ಏಕೆ? 8ರಿಂದ ಬಲಕ್ಕೆ ಹೆಜ್ಜೆ ಹಾಕುತ್ತ ಹೋದರೆ ಎರಡರಲ್ಲಿ ಒಂದು ಆಗಲೇಬೇಕು. ಸಂಖ್ಯೆಗಳು ಕೊನೆಯವರೆಗೂ ಏರುತ್ತಲೇ ಹೋದರೆ ಕೊನೆಯದೇ ಶಿಖರ. ಇಲ್ಲವೇ ಎಲ್ಲೋ ಒಂದು ಕಡೆ ಮೊದಲ ಸಲ ಇಳಿಯುತ್ತವೆ. ಆ ಇಳಿಕೆಗೆ ಮುಂಚಿನ ಸಂಖ್ಯೆಯೇ ಶಿಖರ. ಎಡಭಾಗದಲ್ಲೂ ಶಿಖರಗಳಿರಬಹುದು (ಇಲ್ಲಿ 14 ಮತ್ತು 17 ಇವೆ), ಆದರೆ ಅವುಗಳ ಹಂಗು ನಮಗಿಲ್ಲ.

ಈಗ ಉಳಿದದ್ದು 6ರಿಂದ 10ರವರೆಗಿನ ಸ್ಥಾನಗಳು. ನಡುವೆ 8ನೇ ಸ್ಥಾನದಲ್ಲಿ 25, ಅದರ ಬಲಕ್ಕೆ 19. ಇಳಿಜಾರು. ಹಾಗಾಗಿ 25 ತಾನೇ ಶಿಖರವಾಗಿರಬೇಕು, ಇಲ್ಲವೇ ಅದರ ಎಡಕ್ಕೆ ಶಿಖರವಿರಬೇಕು. 6ರಿಂದ 8ರವರೆಗಿನದನ್ನು ಉಳಿಸಿಕೊಂಡು ನಡುವಿನ 7ನೇ ಸ್ಥಾನ ನೋಡಿದರೆ 21, ಬಲಕ್ಕೆ 25. ಮತ್ತೆ ಏರು. 8ನೇ ಸ್ಥಾನವೊಂದೇ ಉಳಿಯಿತು. ಉತ್ತರ 25, ಮಾಡಿದ ಹೋಲಿಕೆ ಮೂರೇ.

ಬೈನರಿ ಸರ್ಚಿಗೆ ನಿಜಕ್ಕೂ ಬೇಕಾದದ್ದು ಏನೆಂದು ಇಲ್ಲಿ ತಿಳಿಯುತ್ತದೆ. ಉಳಿಸಿಕೊಂಡ ಅರ್ಧದಲ್ಲಿ ಉತ್ತರ ಇದ್ದೇ ಇದೆ ಎಂಬ ಖಾತರಿ ಇರಬೇಕು, ಅಷ್ಟೇ. ಕ್ರಮಬದ್ಧ ಪಟ್ಟಿಯಲ್ಲಿ ಆ ಖಾತರಿಯನ್ನು ಕ್ರಮ ಕೊಡುತ್ತದೆ, ಇಲ್ಲಿ ಏರಿಳಿತ ಕೊಡುತ್ತದೆ. ಪ್ರತಿ ಹೋಲಿಕೆಗೂ ಪಟ್ಟಿ ಅರ್ಧವಾಗುವುದರಿಂದ ಹತ್ತು ಲಕ್ಷ ಸಂಖ್ಯೆಗಳಿದ್ದರೂ 20 ಹೋಲಿಕೆ ಸಾಕು.

```python
def peak(a):
    lo, hi = 0, len(a) - 1
    while lo < hi:
        mid = (lo + hi) // 2
        if a[mid] < a[mid + 1]:
            lo = mid + 1
        else:
            hi = mid
    return lo
```

ಹೆಚ್ಚಿನವರು ಎಡವುವುದು `hi = mid` ಎಂಬ ಸಾಲಿನಲ್ಲಿ. ಮಾಮೂಲಿ ಬೈನರಿ ಸರ್ಚಿನ ರೂಢಿಯಿಂದ ಕೈ ತಾನಾಗಿ `hi = mid - 1` ಎಂದು ಬರೆದುಬಿಡುತ್ತದೆ. ಆಗ `1 5 2` ಎಂಬ ಪುಟ್ಟ ಅರೇಯಲ್ಲೇ ತಪ್ಪು ಬಯಲಾಗುತ್ತದೆ: ನಡುವಿನ 5 ಶಿಖರವಾಗಿದ್ದರೂ ಅದನ್ನೇ ಹೊರಗೆ ಹಾಕಿ 1 ಇರುವ ಸ್ಥಾನವನ್ನು ಉತ್ತರವೆಂದು ಕೊಡುತ್ತದೆ.

ಸರಿಸಮ ಸಂಖ್ಯೆಗಳು ಅಕ್ಕಪಕ್ಕ ಬಂದರೆ ಇನ್ನೊಂದು ತೊಡಕು. `2 2 2 2 2 5 2` ಎಂಬಲ್ಲಿ ನಡುವಿನ 2ರ ಬಲಕ್ಕೂ 2 ಇದೆ. ಏರೂ ಇಲ್ಲ, ಇಳಿಕೆಯೂ ಇಲ್ಲ. ಮೇಲಿನ ಪ್ರೋಗ್ರಾಂ ಎಡಕ್ಕೆ ಸರಿಯುತ್ತ ಹೋಗಿ 0ನೇ ಸ್ಥಾನದಲ್ಲಿ ನಿಲ್ಲುತ್ತದೆ, 5 ಕಣ್ತಪ್ಪುತ್ತದೆ. ಎಂಐಟಿಯ ಆ ತರಗತಿಯಲ್ಲಿ ಶಿಖರವನ್ನು ‘ನೆರೆಯವರಿಗಿಂತ ದೊಡ್ಡದು ಅಥವಾ ಸಮ’ ಎಂದು ಹೇಳಿಕೊಂಡಿದ್ದರು. ಆ ಪ್ರಕಾರ 0ನೇ ಸ್ಥಾನವೂ ಸರಿಯುತ್ತರವೇ. ಆದರೆ ಕಟ್ಟುನಿಟ್ಟಾಗಿ ದೊಡ್ಡದೇ ಬೇಕೆಂದರೆ ಅರ್ಧ ಕೈಬಿಡುವ ಹಕ್ಕು ಹೋಗುತ್ತದೆ. ಎಲ್ಲವೂ 2 ಆಗಿರುವ ಪಟ್ಟಿಯಲ್ಲಿ ಒಂದು 5 ಎಲ್ಲಿ ಬೇಕಾದರೂ ಅಡಗಿರಬಹುದು, ಒಂದೊಂದನ್ನೇ ನೋಡದೆ ದಾರಿಯಿಲ್ಲ. ಸಂದರ್ಶನಗಳಲ್ಲಿ ಕೇಳುವ ಪ್ರಶ್ನೆಯಲ್ಲಿ ‘ಅಕ್ಕಪಕ್ಕದ ಸಂಖ್ಯೆಗಳು ಸಮ ಇರುವುದಿಲ್ಲ’ ಎಂಬ ಸಾಲು ಇರುವುದು ಇದಕ್ಕೇ. ಅದನ್ನು ಓದದೆ ದಾಟಬಾರದು.

ನಮ್ಮ ಉದಾಹರಣೆಯಲ್ಲಿ ಅತಿ ದೊಡ್ಡ ಸಂಖ್ಯೆ 30, ಸಿಕ್ಕಿದ್ದು 25. ಗರಿಷ್ಠವೇ ಬೇಕಿದ್ದರೆ ಈ ವಿಧಾನ ಕೆಲಸಕ್ಕೆ ಬಾರದು, ಎಲ್ಲ ಸಂಖ್ಯೆಗಳನ್ನೂ ನೋಡಲೇಬೇಕು. ಪಟ್ಟಿ ಒಮ್ಮೆ ಮಾತ್ರ ಏರಿ ಆಮೇಲೆ ಇಳಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಸಿಕ್ಕ ಶಿಖರವೇ ಗರಿಷ್ಠ. ಹಾಗೆಯೇ ಸಂಖ್ಯೆಗಳನ್ನು ಫೈಲಿನಿಂದ ಒಂದೊಂದಾಗಿ ಓದಿ ಅರೇ ತುಂಬಿಸಬೇಕಾದರೆ, ಓದುವಷ್ಟರಲ್ಲೇ ಎಲ್ಲವನ್ನೂ ನೋಡಿಯಾಗಿರುತ್ತದೆ. ಉಳಿತಾಯ ಏನೂ ಇಲ್ಲ. ಅರೇ ಆಗಲೇ ಮೆಮೊರಿಯಲ್ಲಿದ್ದಾಗ, ಇಲ್ಲವೇ ಒಂದೊಂದು ಬೆಲೆ ಲೆಕ್ಕ ಹಾಕಲೂ ಬಹಳ ಹೊತ್ತು ಹಿಡಿಯುವಾಗ ಈ 20 ಹೋಲಿಕೆಗಳಿಗೆ ಬೆಲೆ.

ಇದನ್ನು ಬರೆದು ನೋಡುವವರು ಒಂದೇ ಸಂಖ್ಯೆಯ ಅರೇ, ಪೂರ್ತಿ ಏರುವ ಅರೇ, ಪೂರ್ತಿ ಇಳಿಯುವ ಅರೇ, ಜೊತೆಗೆ `1 5 2` ಈ ನಾಲ್ಕನ್ನು ಮೊದಲು ಕೊಟ್ಟು ಪರೀಕ್ಷಿಸಲಿ.