ಮಾಲು ಒಂದೇ, ಬಿಲ್ಲು ಎರಡು

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಗೇಟು, ಗ್ರಿಲ್ಲು ಮಾಡುವ ಒಂದು ಚಿಕ್ಕ ಶೆಡ್ಡಿನ ಲೆಕ್ಕ ನಾನು ಬರೆಯುತ್ತೇನೆ. 2025ರ ನವೆಂಬರ್ 12ರಂದು ಆ ಶೆಡ್ಡಿಗೆ ಬೆಳಗಾವಿಯ ವ್ಯಾಪಾರಿಯೊಬ್ಬರಿಂದ ಎರಡಿಂಚಿನ ಚೌಕ ಎಂಎಸ್ ಪೈಪು ಬಂತು. 20 ಅಡಿ ಉದ್ದದ 45 ಪೈಪು, ಕಾಟಾದಲ್ಲಿ 800 ಕಿಲೋ. ಕಿಲೋಗೆ 70 ರೂಪಾಯಿಯಂತೆ 56,000. ಅದರ ಮೇಲೆ ಕೇಂದ್ರ ಮತ್ತು ರಾಜ್ಯದ ಜಿಎಸ್‌ಟಿ ತಲಾ ಶೇ. 9, ಅಂದರೆ 5,040 ಮತ್ತು 5,040. ಒಟ್ಟು 66,080 ರೂಪಾಯಿ. ಬಿಲ್ ನಂಬರ್ 1187.

ಡಿಸೆಂಬರ್ ಮೊದಲ ವಾರ ವ್ಯಾಪಾರಿಯ ಕಡೆಯಿಂದ ಖಾತೆಯ ಪಟ್ಟಿ ಬಂತು. ನಮ್ಮ ಪುಸ್ತಕದಲ್ಲಿ 66,080 ಬಾಕಿ, ಅವರ ಪಟ್ಟಿಯಲ್ಲಿ 1,32,160. ಸಾಲುಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ ನವೆಂಬರ್ 29ರ ತಾರೀಖಿನಲ್ಲಿ 1342 ಎಂಬ ಇನ್ನೊಂದು ಬಿಲ್ ಸಿಕ್ಕಿತು. ಅದೇ ಪೈಪು, ಅದೇ 800 ಕಿಲೋ, ಅದೇ ಮೊತ್ತ. ಫೋನ್ ಮಾಡಿದೆ. ಅಲ್ಲಿನ ಗುಮಾಸ್ತರು, "ಎರಡೂ ಬಿಲ್ ನಂಬರ್ ಬ್ಯಾರೆ ಅದಾವಲ್ರೀ, ಮಾಲು ಎರಡು ಸಲ ಬಂದಿರಬೇಕು ನೋಡ್ರಿ" ಎಂದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಕಾಣುವುದೇ ಅಷ್ಟು. ಮಾಲು ಹೊರಡುವ ದಿನ ಗೋದಾಮಿನವರು ಬಿಲ್ ಹಾಕಿ ಕಳಿಸುತ್ತಾರೆ. ತಿಂಗಳ ಕೊನೆಗೆ ಆಫೀಸಿನವರು ಡೆಲಿವರಿ ಚಲನ್‌ಗಳ ಕಟ್ಟು ಎದುರಿಗಿಟ್ಟುಕೊಂಡು, ಬಿಲ್ ಆಗಿಲ್ಲವೆಂದು ಕಂಡ ಚಲನ್‌ಗೆಲ್ಲ ಬಿಲ್ ಹಾಕುತ್ತಾರೆ. ಮೊದಲನೆಯ ಬಿಲ್ಲಿನಲ್ಲಿ ಚಲನ್ ನಂಬರ್ ತುಂಬದೆ ಬಿಟ್ಟಿದ್ದರೆ ಆ ಚಲನ್ ಬಾಕಿ ಇದ್ದಂತೆಯೇ ತೋರುತ್ತದೆ. ಎರಡನೇ ಬಿಲ್ಲಿಗೆ ಹೊಸ ನಂಬರ್, ಹೊಸ ತಾರೀಖು ಬೀಳುತ್ತದೆ. ಕೊಳ್ಳುವವರ ಲೆಕ್ಕದ ಸಾಫ್ಟ್‌ವೇರೂ ಎಚ್ಚರಿಸುವುದಿಲ್ಲ. ಒಂದೇ ಬಿಲ್ ನಂಬರ್ ಎರಡು ಸಲ ಬರೆದರೆ ಮಾತ್ರ ಅದು ತಡೆಯುತ್ತದೆ.

ಆದ್ದರಿಂದ ಜೋಡಿ ಬಿಲ್ಲನ್ನು ಬಿಲ್ ನಂಬರಿನಲ್ಲಿ ಹುಡುಕಿ ಫಲವಿಲ್ಲ. ಮಾಲಿನ ಗುರುತಿನಲ್ಲಿ ಹುಡುಕಬೇಕು. ಆರ್ಡರ್ ನಂಬರ್, ಚಲನ್ ನಂಬರ್, ತೂಕ, ಗಾಡಿ ನಂಬರ್. ನಮ್ಮಲ್ಲಿ ಆವಕದ ಪುಸ್ತಕ ಇತ್ತು. ನವೆಂಬರ್ 12ರಂದು ಒಂದು ಟೆಂಪೊ ಬಂದು 45 ಪೈಪು ಇಳಿಸಿದ್ದು ಅದರಲ್ಲಿತ್ತು, ಪಕ್ಕದಲ್ಲೇ ಪಿನ್ನು ಚುಚ್ಚಿದ ಕಾಟಾ ಚೀಟಿ. ಗಾಡಿ ತುಂಬಿದಾಗಿನ ತೂಕ, ಖಾಲಿಯಾದ ಮೇಲಿನ ತೂಕ, ಎರಡರ ನಡುವೆ 800 ಕಿಲೋ. ಅದಾದ ಮೇಲೆ ಡಿಸೆಂಬರ್ ತನಕ ಆ ವ್ಯಾಪಾರಿಯಿಂದ ಒಂದು ಪೈಪೂ ಬಂದಿರಲಿಲ್ಲ.

ಇನ್ನೊಂದು ಗಟ್ಟಿ ಸಾಕ್ಷಿ ಇ-ವೇ ಬಿಲ್. 50,000 ರೂಪಾಯಿಗಿಂತ ಹೆಚ್ಚಿನ ಮಾಲು ಬೆಳಗಾವಿಯಿಂದ ಹುಬ್ಬಳ್ಳಿಗೆ ಬರಬೇಕಾದರೆ ಇ-ವೇ ಬಿಲ್ ಬೇಕು. ಅದರಲ್ಲಿ ಬಿಲ್ ನಂಬರೂ ಗಾಡಿ ನಂಬರೂ ಇರುತ್ತವೆ. 1187ರ ಇ-ವೇ ಬಿಲ್ ನಮ್ಮ ಹತ್ತಿರ ಇತ್ತು. 1342ಕ್ಕೆ ಯಾವುದೂ ಇರಲಿಲ್ಲ. 66,080 ರೂಪಾಯಿಯ ಮಾಲು ನಿಜವಾಗಿ ರಸ್ತೆಗೆ ಇಳಿದಿದ್ದರೆ ಆ ಕಾಗದ ಇರಲೇಬೇಕಿತ್ತು.

ಫೋನಿನ ಕೊನೆಗೆ ಗುಮಾಸ್ತರು, "ಇರ್ಲಿ ಬಿಡ್ರಿ, ಮುಂದಿನ ಬಿಲ್ಲಿನ್ಯಾಗ ಅಡ್ಜಸ್ಟ್ ಮಾಡೋಣು" ಎಂದರು. ಒಳ್ಳೆಯ ಮನಸ್ಸಿನ ಮಾತು, ಆದರೆ ಒಪ್ಪಬಾರದ ಮಾತು. ಮುಂದಿನ ಬಿಲ್ಲಿನಲ್ಲಿ ದುಡ್ಡು ಕಡಿಮೆ ಮಾಡಿದರೂ 1342 ಎಂಬ ಬಿಲ್ ಜಿಎಸ್‌ಟಿ ಪೋರ್ಟಲಿನಲ್ಲಿ ಹಾಗೆಯೇ ನಿಂತಿರುತ್ತದೆ. ಬರದ ಮಾಲಿಗೆ ಅವರು 10,080 ರೂಪಾಯಿ ತೆರಿಗೆ ತೋರಿಸಿರುತ್ತಾರೆ, ನಮ್ಮ ಹೆಸರಿನಲ್ಲಿ ಅಷ್ಟೇ ಇನ್‌ಪುಟ್ ಕ್ರೆಡಿಟ್ ಕಾಣುತ್ತಿರುತ್ತದೆ. ಮಾಲು ಕೈಸೇರದೆ ಕ್ರೆಡಿಟ್ ತೆಗೆದುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿಲ್ಲ. ತೆಗೆದುಕೊಂಡು ಬಳಸಿದರೆ ಅದನ್ನು ವಾಪಸು ಕಟ್ಟುವಾಗ ವರ್ಷಕ್ಕೆ ಶೇ. 18ರ ಬಡ್ಡಿಯನ್ನೂ ಸೇರಿಸಬೇಕು.

ಈ ತಪ್ಪನ್ನು ತಿದ್ದುವ ಕಾಗದಕ್ಕೆ ಕ್ರೆಡಿಟ್ ನೋಟ್ ಎಂದು ಹೆಸರು. ಕೇಂದ್ರ ಜಿಎಸ್‌ಟಿ ಕಾಯ್ದೆ 2017ರ 34ನೇ ಕಲಂ ಪ್ರಕಾರ ಅದನ್ನು ಕೊಡಬೇಕಾದವರು ಬಿಲ್ ಹಾಕಿದವರೇ. ಕೊಳ್ಳುವವರು ತಮ್ಮ ಪುಸ್ತಕದಲ್ಲಿ ಡೆಬಿಟ್ ನೋಟ್ ಬರೆದುಕೊಂಡರೆ ತಮ್ಮ ಖಾತೆ ಸರಿಹೋಗಬಹುದು, ಆದರೆ ಅದರಿಂದ ವ್ಯಾಪಾರಿಯ ತೆರಿಗೆ ಒಂದು ಪೈಸೆಯೂ ಇಳಿಯುವುದಿಲ್ಲ. ಇ-ಇನ್‌ವಾಯ್ಸ್ ಮಾಡುವ ವ್ಯಾಪಾರಿಯಾದರೆ ಅದನ್ನು ಇ-ಇನ್‌ವಾಯ್ಸ್ ಪೋರ್ಟಲಿನಲ್ಲಿ ರದ್ದು ಮಾಡಲು 24 ಗಂಟೆಯಷ್ಟೇ ಅವಕಾಶ. ತಿಂಗಳ ರಿಟರ್ನ್ ಸಲ್ಲಿಸಿಯಾದ ಮೇಲೆ ಕ್ರೆಡಿಟ್ ನೋಟೇ ದಾರಿ. ಹಾಗಾಗಿ ಫೋನ್ ಇಟ್ಟು ಪತ್ರ ಬರೆದೆ.

ದಿನಾಂಕ: 16-12-2025

ವಿಷಯ: ನಿಮ್ಮ ಬಿಲ್ ನಂ. 1342, ತಾ. 29-11-2025, ರೂ. 66,080. ಒಂದೇ ಮಾಲಿಗೆ ಎರಡನೇ ಬಿಲ್ ಆಗಿರುವ ಬಗ್ಗೆ ಮತ್ತು ಕ್ರೆಡಿಟ್ ನೋಟ್ ಕೋರಿ.

ಮಾನ್ಯರೇ,

ನಮ್ಮ ಆರ್ಡರ್ ನಂ. 58ರಂತೆ ನೀವು ಕಳಿಸಿದ 800 ಕಿಲೋ ಎಂಎಸ್ ಚೌಕ ಪೈಪು ಚಲನ್ ನಂ. 642ರ ಮೂಲಕ 12-11-2025ರಂದು ನಮಗೆ ತಲುಪಿದೆ. ಈ ಮಾಲಿಗೆ ಅದೇ ದಿನದ ನಿಮ್ಮ ಬಿಲ್ ನಂ. 1187 ಬಂದಿದ್ದು, ಅದನ್ನು ನಾವು ಒಪ್ಪಿದ್ದೇವೆ. ಅದರ ಪೂರ್ಣ ಮೊತ್ತ ರೂ. 66,080ನ್ನು ಇಂದು ಬ್ಯಾಂಕ್ ಮೂಲಕ ಪಾವತಿಸಿದ್ದೇವೆ. ದಯವಿಟ್ಟು ಇದನ್ನು 1187ಕ್ಕೇ ಜಮಾ ಮಾಡಿಕೊಳ್ಳಿ.

ಬಿಲ್ ನಂ. 1342ರಲ್ಲಿಯೂ ಇದೇ ಆರ್ಡರ್, ಇದೇ ಚಲನ್ ಮತ್ತು ಇದೇ ತೂಕ ನಮೂದಾಗಿದೆ. 12-11-2025ರ ನಂತರ ನಿಮ್ಮಿಂದ ನಮಗೆ ಬೇರೆ ಮಾಲು ಬಂದಿಲ್ಲ. ಈ ಬಿಲ್ಲಿಗೆ ಪ್ರತ್ಯೇಕ ಮಾಲು ಕಳಿಸಿದ್ದಲ್ಲಿ ಅದರ ಇ-ವೇ ಬಿಲ್ ನಂಬರ್ ಮತ್ತು ನಮ್ಮವರು ಸಹಿ ಮಾಡಿದ ಚಲನ್ ಪ್ರತಿಯನ್ನು ಕಳಿಸಿಕೊಡಿ.

ಇಲ್ಲವಾದಲ್ಲಿ ಬಿಲ್ ನಂ. 1342ರ ಪೂರ್ತಿ ಮೊತ್ತಕ್ಕೆ, ಅಂದರೆ ಮಾಲಿನ ಬೆಲೆ ರೂ. 56,000, ಕೇಂದ್ರ ಜಿಎಸ್‌ಟಿ ರೂ. 5,040, ರಾಜ್ಯ ಜಿಎಸ್‌ಟಿ ರೂ. 5,040, ಒಟ್ಟು ರೂ. 66,080ಕ್ಕೆ, ಜಿಎಸ್‌ಟಿ ಸಹಿತ ಕ್ರೆಡಿಟ್ ನೋಟನ್ನು 31-12-2025ರೊಳಗೆ ಕೊಟ್ಟು, ಡಿಸೆಂಬರ್ ತಿಂಗಳ ರಿಟರ್ನ್‌ನಲ್ಲಿ ತೋರಿಸಬೇಕಾಗಿ ವಿನಂತಿ. ಈ ಬಿಲ್ಲಿನ ಮೇಲೆ ನಾವು ಇನ್‌ಪುಟ್ ಕ್ರೆಡಿಟ್ ಪಡೆದಿಲ್ಲ.

ಲಗತ್ತು: ಎರಡೂ ಬಿಲ್ಲುಗಳು, ಚಲನ್ 642, ಕಾಟಾ ಚೀಟಿ, ಇ-ವೇ ಬಿಲ್, ನಮ್ಮ ಪುಸ್ತಕದಲ್ಲಿರುವ ನಿಮ್ಮ ಖಾತೆಯ ಪ್ರತಿ.

ಈ ಪತ್ರ ಯಾರನ್ನೂ ದೂರುವುದಿಲ್ಲ. ನಮ್ಮ ಸಿಟ್ಟನ್ನು ಬಲ್ಲವರಲ್ಲ, ಅವರ ಆಫೀಸಿನಲ್ಲಿ ಇದನ್ನು ಓದುವವರು. ಕೈಯಲ್ಲಿ ಪತ್ರ ಹಿಡಿದು ಕಂಪ್ಯೂಟರ್ ಮುಂದೆ ಕೂತ ಆ ಗುಮಾಸ್ತರಿಗೆ ಬೇಕಾದದ್ದು ನಂಬರುಗಳು, ಮತ್ತು ಮೇಲಿನವರ ಒಪ್ಪಿಗೆ ಪಡೆಯಲು ತೋರಿಸಬಹುದಾದ ಕಾಗದ. ಅದಕ್ಕೇ ಸರಿಯಾದ ಬಿಲ್ ಯಾವುದು ಎಂಬುದನ್ನು ಮೊದಲು ಒಪ್ಪಿ, ತಪ್ಪಿದ ಬಿಲ್ ಯಾವುದು ಎಂಬುದನ್ನು ಆಮೇಲೆ ಹೇಳಿದ್ದು.

ಒಪ್ಪಿದ ಬಿಲ್ಲಿನ ದುಡ್ಡನ್ನು ತಡೆಹಿಡಿಯಲಿಲ್ಲ, ಏಕೆಂದರೆ ತಕರಾರು ಇದ್ದದ್ದು ಎರಡನೆಯದರ ಬಗ್ಗೆ ಮಾತ್ರ. ಬ್ಯಾಂಕಿನ ವಿವರದಲ್ಲೂ 1187 ಎಂದೇ ಬರೆದಿದ್ದೆ. ಹಾಗೆ ಬರೆಯದಿದ್ದರೆ ವ್ಯಾಪಾರಿಯ ಕಡೆಯವರು ಆ ದುಡ್ಡನ್ನು 1342ಕ್ಕೆ ಜಮಾ ಮಾಡಿಕೊಂಡುಬಿಡಬಹುದು. ಆಗ ತಪ್ಪು ಬಿಲ್ಲೇ ತೀರಿದಂತಾಗಿ, ಸರಿಯಾದದ್ದು ಬಾಕಿ ನಿಲ್ಲುತ್ತದೆ.

ಇ-ವೇ ಬಿಲ್ ಕೇಳಿದ ಸಾಲು ಪತ್ರದ ಬೆನ್ನೆಲುಬು. ಮಾಲು ಬಂದಿಲ್ಲ ಎಂಬುದನ್ನು ಸಾಬೀತು ಮಾಡುವುದು ಕಷ್ಟ. ಕಳಿಸಿದ್ದರೆ ಕಳಿಸಿದವರ ಹತ್ತಿರ ಗುರುತು ಇದ್ದೇ ಇರುತ್ತದೆ. ಅದನ್ನು ಹುಡುಕಲು ಹೋದಾಗ ತಪ್ಪು ಅವರ ಕಣ್ಣಿಗೇ ಬೀಳುತ್ತದೆ.

'ಜಿಎಸ್‌ಟಿ ಸಹಿತ' ಎಂಬ ಮಾತನ್ನಂತೂ ಮರೆಯಬಾರದು. ವ್ಯಾಪಾರದಲ್ಲಿ ರಿಯಾಯಿತಿ, ಸ್ಕೀಮು ಎಂದು ತೆರಿಗೆ ಮುಟ್ಟದ ಕ್ರೆಡಿಟ್ ನೋಟ್‌ಗಳೂ ಓಡಾಡುತ್ತವೆ. ಬರೀ 'ಕ್ರೆಡಿಟ್ ನೋಟ್ ಕೊಡಿ' ಎಂದು ಬರೆದರೆ 56,000ಕ್ಕಷ್ಟೇ ಒಂದು ನೋಟ್ ಬರಬಹುದು. ಉಳಿದ 10,080 ನಮ್ಮ ಹೆಸರಿನಲ್ಲಿ ಬಾಕಿಯಾಗಿ ಉಳಿಯುತ್ತದೆ. ಅದಕ್ಕಾಗಿಯೇ ಮೂರೂ ಅಂಕಿಗಳನ್ನು ಬಿಡಿಸಿ ಬರೆಯಬೇಕು.

ಕೊನೆಯ ಸಾಲಿನಲ್ಲಿ ಕ್ರೆಡಿಟ್ ಪಡೆದಿಲ್ಲ ಎಂದದ್ದಕ್ಕೂ ಕಾರಣವಿದೆ. ಕೊಂಡವರು ಕ್ರೆಡಿಟ್ ತೆಗೆದುಕೊಂಡಿದ್ದರೆ ಅದನ್ನು ವಾಪಸು ಮಾಡಿದ ಮೇಲೆಯೇ ವ್ಯಾಪಾರಿ ತನ್ನ ತೆರಿಗೆ ಇಳಿಸಿಕೊಳ್ಳಬಹುದು. ಡಿಸೆಂಬರ್ 14ರಂದು ತಯಾರಾದ ಜಿಎಸ್‌ಟಿಆರ್-2ಬಿಯಲ್ಲಿ ಎರಡೂ ಬಿಲ್ಲುಗಳು ಕಾಣುತ್ತಿದ್ದವು. ಪೋರ್ಟಲಿನ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಪುಟದಲ್ಲಿ 1342ನ್ನು ತಿರಸ್ಕರಿಸಿ, 2ಬಿಯನ್ನು ಮರುಲೆಕ್ಕ ಹಾಕಿಸಿ, ಆಮೇಲೆ ರಿಟರ್ನ್ ಸಲ್ಲಿಸಿದೆ. ಅಲ್ಲಿ ಏನೂ ಮಾಡದೆ ಬಿಟ್ಟ ಬಿಲ್ಲನ್ನು ನಾವು ಒಪ್ಪಿದ್ದೇವೆ ಎಂದೇ ಪೋರ್ಟಲ್ ಲೆಕ್ಕ ಹಾಕುತ್ತದೆ.

ಡಿಸೆಂಬರ್ 22ಕ್ಕೆ ಕ್ರೆಡಿಟ್ ನೋಟ್ ಬಂತು. ಬಂತೆಂದು ಫೈಲಿಗೆ ಹಾಕುವಂತಿಲ್ಲ, ಓದಬೇಕು. ಅದಕ್ಕೆ ಸ್ವಂತ ನಂಬರ್ ಮತ್ತು ತಾರೀಖು, ಇಬ್ಬರ ಜಿಎಸ್‌ಟಿ ನಂಬರ್, ಬೆಲೆ ಮತ್ತು ತೆರಿಗೆ ಬೇರೆಬೇರೆಯಾಗಿ, ಸಹಿ, ಎಲ್ಲ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದು ಯಾವ ಬಿಲ್ಲಿಗೆ ಎಂಬ ಸಾಲು. ಬಂದ ನೋಟಿನಲ್ಲಿ 1187 ಎಂದಿತ್ತು. ಹಾಗೆಯೇ ಬಿಟ್ಟಿದ್ದರೆ, ಮಾಲು ಬಂದ ಬಿಲ್ ಅಳಿಸಿಹೋಗಿ ಮಾಲು ಬಾರದ ಬಿಲ್ ಉಳಿದುಕೊಳ್ಳುತ್ತಿತ್ತು. ಅಂದೇ ಫೋನ್ ಮಾಡಿ ತಿದ್ದಿಸಿದೆವು. ಜನವರಿ 14ರ 2ಬಿಯಲ್ಲಿ ಆ ಕ್ರೆಡಿಟ್ ನೋಟ್ ಬಂತು. ನಾವು ಪಡೆಯದ ಕ್ರೆಡಿಟ್ ನಮ್ಮಿಂದ ಕಳೆದುಹೋಗದಂತೆ, ಅದನ್ನು ಒಪ್ಪುವಾಗ ವಾಪಸು ಮಾಡಬೇಕಾದ ಮೊತ್ತ ಸೊನ್ನೆ ಎಂದು ತೋರಿಸಿದೆವು.

ಎರಡೂ ಬಿಲ್ಲಿಗೆ ದುಡ್ಡು ಕೊಟ್ಟಾಗಿದ್ದರೆ ಪತ್ರದಲ್ಲಿ ಇನ್ನೊಂದು ಸಾಲು ಸೇರಬೇಕಿತ್ತು: ಹೆಚ್ಚಾಗಿ ಬಂದ ದುಡ್ಡನ್ನು ವಾಪಸು ಕಳಿಸಬೇಕೋ, ಮುಂದಿನ ಖರೀದಿಗೆ ಹಿಡಿಯಬೇಕೋ ಎಂದು. ಕ್ರೆಡಿಟ್ ನೋಟ್ ಖಾತೆಯನ್ನು ಸರಿಮಾಡುತ್ತದೆ, ದುಡ್ಡನ್ನು ತಾನಾಗಿ ತಂದುಕೊಡುವುದಿಲ್ಲ.

ಇದಕ್ಕೆಲ್ಲ ಒಂದು ಗಡುವಿದೆ. ಮಾಲು ಮಾರಿದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ವ್ಯಾಪಾರಿ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಕ್ರೆಡಿಟ್ ನೋಟನ್ನು ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಇಳಿಸಿಕೊಳ್ಳಬಹುದು. ನಮ್ಮ ಬಿಲ್ಲಿಗೆ ಆ ಕೊನೆಯ ದಿನ 2026ರ ನವೆಂಬರ್ 30. ಅದು ದಾಟಿದರೆ ವ್ಯಾಪಾರಿ ಒಪ್ಪಿದರೂ 10,080 ರೂಪಾಯಿ ಅವರ ಕೈಯಿಂದಲೇ ಹೋಗುತ್ತದೆ, ಹಾಗಾಗಿ ಒಪ್ಪುವುದೇ ಕಷ್ಟವಾಗುತ್ತದೆ. ತಿಂಗಳಿಗೊಮ್ಮೆ ಖಾತೆಯ ಪಟ್ಟಿ ತರಿಸಿ ಹೋಲಿಸುವವರಿಗೆ ಈ ತೊಂದರೆ ಬಾರದು. ವರ್ಷದ ಕೊನೆಗೆ ಒಟ್ಟಿಗೆ ನೋಡೋಣ ಎನ್ನುವವರು ಸಿಕ್ಕಿಬೀಳುತ್ತಾರೆ.

ಶೆಡ್ಡಿನ ಹುಡುಗರಿಗೆ ಈಗ ಒಂದೇ ಮಾತು ಹೇಳಿದ್ದೇನೆ: ಗಾಡಿ ಬಂದ ಕೂಡಲೇ ಚಲನ್ ನಂಬರ್ ಬರೆದುಕೊಳ್ಳಿ, ಕಾಟಾ ಚೀಟಿಯನ್ನು ಪುಸ್ತಕಕ್ಕೆ ಚುಚ್ಚಿ. ಆ ಚೀಟಿ ಇಲ್ಲದಿದ್ದರೆ ನನ್ನ ಪತ್ರ ಬರೀ ಮಾತಾಗಿ ಉಳಿಯುತ್ತಿತ್ತು.