ಯಜಮಾನರು ಹೋದ ಮೇಲೆ ತೆರೆಯುವ ಫೈಲು

ದೊಡ್ಡಪ್ಪ ತೀರಿಕೊಂಡ ವರ್ಷ ಅವರ ಮರದ ಪೆಟ್ಟಿಗೆ ತೆರೆದವರಲ್ಲಿ ನಾನೂ ಒಬ್ಬ. ಮೂರು ಸೊಸೈಟಿಗಳ ಪಾಸ್‌ಬುಕ್ಕು, ಎರಡು ಎಲ್‌ಐಸಿ ಬಾಂಡು, ದಾರದಲ್ಲಿ ಕಟ್ಟಿದ ಅಡಿಕೆ ಪಟ್ಟಿಗಳು, ಅಜ್ಜನ ಕಾಲದ ಪಹಣಿಯ ನಕಲು. ಕಾಗದಕ್ಕೇನೂ ಕೊರತೆಯಿರಲಿಲ್ಲ. ಇವುಗಳಲ್ಲಿ ಯಾವುದು ಮುಗಿದದ್ದು, ಯಾವುದು ಇನ್ನೂ ನಡೆಯುತ್ತಿರುವುದು ಎಂದು ಹೇಳುವ ಒಂದು ಚೀಟಿ ಮಾತ್ರ ಇರಲಿಲ್ಲ. ದೊಡ್ಡಮ್ಮನನ್ನು ಕೇಳಿದರೆ, "ಯಂಗೆ ಎಂತೂ ಗೊತ್ತಿಲ್ಲೆ ಮಾಣಿ" ಎಂದರು. ಮಗ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅರ್ಧ ತೋಟಿಗರ ಮನೆಯ ಸ್ಥಿತಿ ಇದೇ.

ಆ ಮನೆಗೆ ಬಿದ್ದ ಪೆಟ್ಟು ಎಲ್ಲಿಯದೆಂದು ಹೇಳಿದರೆ ಫೈಲಿನಲ್ಲಿ ಏನಿರಬೇಕೆಂಬುದು ತಾನಾಗಿ ತಿಳಿಯುತ್ತದೆ. ಊರಿನ ಸೇವಾ ಸಹಕಾರಿ ಸಂಘದಲ್ಲಿ ದೊಡ್ಡಪ್ಪನ ಹೆಸರಲ್ಲಿ 2,40,000 ರೂಪಾಯಿ ಬೆಳೆಸಾಲವಿತ್ತು. ಬೆಳೆಸಾಲಕ್ಕೆ ಶೂನ್ಯ ಬಡ್ಡಿ ಎಂದು ಎಲ್ಲರೂ ಹೇಳುತ್ತೇವೆ. ಅದು ವಾಯಿದೆಯ ದಿನದೊಳಗೆ ಕಟ್ಟಿದವರಿಗೆ ಮಾತ್ರ. ವಾಯಿದೆ ದಾಟಿತೋ, ಬಡ್ಡಿ ಲೆಕ್ಕಕ್ಕೆ ಬರುತ್ತದೆ. ಅವರು ಹೋಗಿ ಎರಡು ತಿಂಗಳಿಗೆ ವಾಯಿದೆ ಬಂತು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ಪೇಟೆಯ ಮಾರಾಟ ಸಂಘವೊಂದರ ಗೋದಾಮಿನಲ್ಲಿ ಅವರ ಏಳು ಕ್ವಿಂಟಲ್ ಚಾಲಿ, ಧಾರಣೆ ಏರಲೆಂದು ಕಾಯುತ್ತ ಬಿದ್ದಿತ್ತು. ಕ್ವಿಂಟಲಿಗೆ 35,000 ಎಂದು ಹಿಡಿದರೂ 2,45,000 ಆಗುತ್ತದೆ. ಸಾಲ ತೀರಿಸುವಷ್ಟು ಹಣ ಸಾಲದಿಂದ ಕೆಲವೇ ಮೈಲು ದೂರದಲ್ಲಿತ್ತು. ಎರಡನ್ನೂ ಒಟ್ಟಿಗೆ ಬಲ್ಲವರು ಒಬ್ಬರೇ, ಅವರು ಇರಲಿಲ್ಲ.

ಹಾಗಾಗಿ ಆಸ್ತಿ ಒಂದು ಕಡೆ, ಸಾಲ ಒಂದು ಕಡೆ ಎಂದು ಪಟ್ಟಿ ಮಾಡುವುದಕ್ಕಿಂತ, ಯಾವ ಬಾಗಿಲಿಗೆ ಹೋಗಬೇಕು ಎಂಬ ಲೆಕ್ಕದಲ್ಲಿ ಫೈಲು ಮಾಡುವುದು ಮೇಲು. ಒಂದು ಸಂಸ್ಥೆಗೆ ಒಂದು ಹಾಳೆ. ಸೊಸೈಟಿಯ ಹಾಳೆಯಲ್ಲಿ ಸದಸ್ಯತ್ವದ ಸಂಖ್ಯೆ, ಷೇರು, ಠೇವಣಿ, ಸಾಲ ಮತ್ತು ಅದರ ವಾಯಿದೆಯ ದಿನ, ದಾಸ್ತಾನಿದ್ದರೆ ರಾಶಿಯೋ ಚಾಲಿಯೋ ಎಷ್ಟು ಚೀಲ, ಅದರ ಮೇಲೆ ಮುಂಗಡ ತೆಗೆದಿದ್ದರೆ ಎಷ್ಟು, ನಾಮಿನಿ ಯಾರು ಎಂದು ಬರೆಯಬೇಕು. ಷೇರಿಗೊಬ್ಬ ನಾಮಿನಿ, ಠೇವಣಿಗೆ ಇನ್ನೊಬ್ಬ ಇರುವುದುಂಟು. ಎಂದೋ ತೀರಿಹೋದ ಅಮ್ಮನ ಹೆಸರೇ ಇನ್ನೂ ನಾಮಿನಿಯಾಗಿ ಉಳಿದಿರುವುದೂ ಉಂಟು. ಒಮ್ಮೆ ಕೌಂಟರಿನಲ್ಲಿ ಕೇಳಿ ನೋಡಿ.

ಅದೇ ಹಾಳೆಯ ಹಿಂಬದಿ ಜಾಮೀನಿಗೆ. ನಮ್ಮ ಕಡೆ ಪಕ್ಕದ ಮನೆಯವರ ಸಾಲಕ್ಕೆ ಸಹಿ ಹಾಕದ ತೋಟಿಗರು ಕಡಿಮೆ. ಹಾಕಿದವರು ಮನೆಯಲ್ಲಿ ಹೇಳುವುದು ಇನ್ನೂ ಕಡಿಮೆ. ಜಾಮೀನುದಾರ ಸತ್ತರೆ ಜಾಮೀನೂ ಸತ್ತಿತು ಎಂದು ತಿಳಿಯುವುದು ತಪ್ಪು. ಆಗಲೇ ಕೊಟ್ಟ ಸಾಲದ ಹೊಣೆ ಅವರು ಬಿಟ್ಟುಹೋದ ಆಸ್ತಿಯ ಮೇಲೆ ಉಳಿಯುತ್ತದೆ. ಹಾಗೆಂದು ಮಕ್ಕಳು ಸ್ವಂತ ದುಡಿಮೆಯಿಂದ ತೀರಿಸಬೇಕಿಲ್ಲ. ಅಪ್ಪನ ಸಾಲವಿರಲಿ ಜಾಮೀನಿರಲಿ, ಹೊಣೆ ಅವರಿಂದ ಬಂದ ಆಸ್ತಿಯ ಮಿತಿಗಷ್ಟೇ. ಕೊನೆಗೌಡನಿಗೆ ಕೊಟ್ಟ ಮುಂಗಡ, ಭಾವನಿಂದ ತಂದ ಕೈಗಡ ಇವೂ ಇಲ್ಲೇ ಬರಲಿ. ಕಾಗದವಿಲ್ಲದ ವ್ಯವಹಾರಕ್ಕೆ ಈ ಒಂದು ಸಾಲೇ ದಾಖಲೆ.

ಜಮೀನಿನ ಹಾಳೆಗೆ ಸ್ವಲ್ಪ ತಾಳ್ಮೆ ಬೇಕು. ಹೊಸ ಪಹಣಿ ತೆಗೆಸಿ ಕಾಲಂ 9 ಮತ್ತು 11 ಓದಿ. ಒಂಬತ್ತರಲ್ಲಿ ಯಾರ ಹೆಸರಿದೆ? ಇನ್ನೂ ಅಜ್ಜನ ಹೆಸರೇ ಇದ್ದರೆ, ನಾಳೆ ಪೌತಿ ಖಾತೆ ಮಾಡಿಸುವಾಗ ಅಜ್ಜನ ಮರಣ ಪತ್ರವೂ ಅವರ ಕಾಲದ ವಂಶವೃಕ್ಷವೂ ಬೇಕಾಗುತ್ತದೆ. ಅತ್ತೆಯಂದಿರು, ಅವರ ಮಕ್ಕಳು ಎಲ್ಲೆಲ್ಲಿದ್ದಾರೆ ಎಂದು ಬಲ್ಲವರು ಈಗ ನೀವೊಬ್ಬರೇ ಇರಬಹುದು. ಹೆಸರು, ಊರು ಬರೆದಿಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟರೆ ಮುಂದೆ ತಕರಾರು ಏಳುವುದು ಅಲ್ಲಿಂದಲೇ. ಹನ್ನೊಂದರಲ್ಲಿ ಸಾಲದ ಬೋಜಾ ಇರುತ್ತದೆ. ಸಾಲ ತೀರಿ ವರ್ಷಗಳಾದರೂ ಅದು ಹಾಗೇ ಕೂತಿರಬಹುದು. ಅಂಥದ್ದಿದ್ದರೆ ತೀರುವಳಿ ಪತ್ರ ತೆಗೆದುಕೊಂಡು ಬದುಕಿರುವಾಗಲೇ ತೆಗೆಸಿಹಾಕುವುದು ಸುಲಭ.

ಬೆಟ್ಟದ್ದು ಬೇರೆಯೇ ಮಾತು. ಸೊಪ್ಪಿನ ಬೆಟ್ಟ ನಮ್ಮ ಸ್ವತ್ತಲ್ಲ. ಅದು ತೋಟಕ್ಕೆ ಅಂಟಿಕೊಂಡು ಬಂದ ಸವಲತ್ತು. ಯಾವ ಸರ್ವೆ ನಂಬರಿನ ತೋಟಕ್ಕೆ ಯಾವ ಬೆಟ್ಟ, ಅದರ ಗಡಿ ಯಾವ ಹಳ್ಳ, ಯಾವ ದರೆ ಎಂದು ಕೈಯಲ್ಲೇ ನಕ್ಷೆ ಬರೆದಿಡಿ. ಬೆಟ್ಟಕ್ಕೆ ಅಪ್ಪನ ಜೊತೆ ಒಮ್ಮೆಯೂ ಹೋಗದ ಮಕ್ಕಳಿಗೆ ಪಹಣಿಯ ಎಕರೆ–ಗುಂಟೆಯಿಂದ ಏನೂ ತಿಳಿಯದು. ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಕೊಟ್ಟಿದ್ದರೆ ಅದರ ಸ್ವೀಕೃತಿ, ಜಿಪಿಎಸ್ ಅಳತೆಯ ಕಾಗದ ಇದೇ ಹಾಳೆಯ ಜೊತೆ ಇರಲಿ.

ನಾಮಿನಿ ಎಂಬ ಪದ ಹಲವರನ್ನು ದಾರಿ ತಪ್ಪಿಸುತ್ತದೆ. ಬ್ಯಾಂಕಿನ ಠೇವಣಿಗೆ ನಾಮಿನಿಯಾದವರು ಹಣ ಪಡೆಯುವ ಕೈ ಅಷ್ಟೇ. ಹಣದ ಮೇಲಿನ ಹಕ್ಕು ವಾರಸುದಾರರದ್ದು. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ, ನಾಮಿನಿ ಹೆಂಡತಿ, ಗಂಡ, ಮಕ್ಕಳು ಅಥವಾ ತಂದೆತಾಯಿಯಾಗಿದ್ದರೆ ಹಣ ಸಾಮಾನ್ಯವಾಗಿ ಅವರದೇ. ಪಹಣಿಗಂತೂ ನಾಮಿನಿಯೇ ಇಲ್ಲ. ಯಾರಿಗೆ ಯಾವುದು ಎಂದು ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಉಯಿಲಿನಲ್ಲಿ ಬರೆಯಬೇಕು, ಫೈಲಿನಲ್ಲಿ ಬರೆದರೆ ನಡೆಯದು. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗಷ್ಟೇ ಅದು ಅನ್ವಯ.

ಬ್ಯಾಂಕಿನ ಪಾಸ್‌ಬುಕ್ಕನ್ನು ಒಮ್ಮೆ ಮೇ–ಜೂನ್ ಪುಟದಲ್ಲಿ ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಜೀವನ ಜ್ಯೋತಿ ವಿಮೆ, 20 ಕಡಿತವಾಗಿದ್ದರೆ ಅಪಘಾತದ ಸುರಕ್ಷಾ ವಿಮೆ. ಎರಡರಲ್ಲೂ ಮರಣಕ್ಕೆ 2 ಲಕ್ಷ. ಮರದಿಂದ ಬಿದ್ದು ಸತ್ತವರ ಮನೆಯವರೂ ಆ 20 ರೂಪಾಯಿ ಗಮನಿಸದೆ ಸುಮ್ಮನಿರುವ ಸಾಧ್ಯತೆ ಇದ್ದೇ ಇದೆ. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನು ಉದ್ಗಮ್ ಜಾಲತಾಣದಲ್ಲಿ ಹುಡುಕಬಹುದು. ಊರಿನ ಸೇವಾ ಸಹಕಾರಿ ಸಂಘ ಬ್ಯಾಂಕಲ್ಲವಾದ್ದರಿಂದ ಅದರ ಠೇವಣಿ ಅಲ್ಲಿ ಸಿಗದು. ಸೊಸೈಟಿಯ ಹಾಳೆಗೆ ನಾನು ಇಷ್ಟು ಜಾಗ ಕೊಟ್ಟದ್ದು ಅದಕ್ಕೇ.

ಎಟಿಎಂ ಪಿನ್, ಪಾಸ್‌ವರ್ಡ್ ಫೈಲಿಗೆ ಬೇಡ. ಸತ್ತವರ ಕಾರ್ಡಿನಿಂದ ಹಣ ತೆಗೆದರೆ ಉಳಿದ ವಾರಸುದಾರರಿಗೆ ಉತ್ತರ ಹೇಳಬೇಕಾಗುತ್ತದೆ. ಆದರೆ ಯಾವ ಖಾತೆಗೆ ಯಾವ ಮೊಬೈಲ್ ನಂಬರು ಎಂದು ಬರೆಯಿರಿ. ದಾಖಲೆಗಳಲ್ಲಿ ನಿಮ್ಮ ಹೆಸರು ಹೇಗೆ ಹೇಗಿದೆ ಎಂಬುದನ್ನೂ ಬರೆಯಿರಿ. ಪಹಣಿಯಲ್ಲಿ ತಂದೆಯ ಹೆಸರು ಸೇರಿ ಪೂರ್ತಿ, ಆಧಾರಿನಲ್ಲಿ ಬರೀ ಇನಿಷಿಯಲ್, ಪಾಸ್‌ಬುಕ್ಕಿನಲ್ಲಿ ಕರೆಯುವ ಹೆಸರು ಎಂದಾದರೆ, ಮರಣ ಪತ್ರದಲ್ಲಿ ಯಾವುದು ಬರಬೇಕೆಂದು ಮನೆಯವರಿಗೆ ಮೊದಲೇ ಗೊತ್ತಿರಬೇಕು. ಮರಣ ನೋಂದಣಿಗೆ 21 ದಿನ. ಹದಿಮೂರನೇ ದಿನದ ಕ್ರಿಯೆ ಮುಗಿಯುವ ಹೊತ್ತಿಗೆ ಉಳಿಯುವುದು ಎಂಟೇ.

ನನ್ನ ಫೈಲು ಅಕ್ಕಿ ಡಬ್ಬಿಯ ಮೇಲಿನ ನಾಗಂದಿಗೆಯಲ್ಲಿದೆ. ಬೆಳೆಸಾಲ ತಿರುವಿಹಾಕಿದ ದಿನವೇ ಪೆನ್ಸಿಲ್ಲಿನಲ್ಲಿ ಹೊಸ ವಾಯಿದೆ ಬರೆದು ಹಳೆಯದನ್ನು ಅಳಿಸುತ್ತೇನೆ. ಹೋದ ಸಲ ಅಳಿಸಿ ಬರೆದವಳು ಹೆಂಡತಿ. ಬರೆಯುತ್ತ, "ಈ ಜಾಮೀನು ಯಾವಾಗ ಹಾಕಿದ್ದು?" ಎಂದು ಕೇಳಿದಳು.